ಇಸಬ್‌ಗೋಲ್ ಕೊಟ್ಟರೂ ಏಳು ದಿನದಿಂದ ಮೋಷನ್ ಇಲ್ಲ, ಈಗ ನೀರು ನೀರಾಗಿ ಸೋರ್ತಿದೆ. ಎಲ್ಲಾ ನಿಲ್ಲಿಸಿಬಿಡೋದಾ?

ಹಿಪ್ಪುನೇರಳೆ (ಶಿಡ್ಲಘಟ್ಟ)
ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 72 ವರ್ಷ. ತೋಟದಲ್ಲಿ ಬದು ದಾಟೋವಾಗ ಜಾರಿ ಬಿದ್ದು ಸೊಂಟದ ಕೀಲು ಮುರೀತು. ಬೆಂಗಳೂರಲ್ಲಿ ಆಪರೇಷನ್ ಆಗಿ, ಕೀಲಿನ ಗುಂಡು ಬದಲಾಯಿಸಿದಾರೆ. ಮನೆಗೆ ಕರ್ಕೊಂಡು ಬಂದು ಹನ್ನೊಂದು ದಿನ ಆಯ್ತು. ನೋವಿಗೆ ಟ್ರಮಡಾಲ್ ಮತ್ತು ಪ್ಯಾರಸಿಟಮಾಲ್ ಸೇರಿರೋ ಮಾತ್ರೆ ದಿನಕ್ಕೆ ಮೂರು, ಜೊತೆಗೆ ಕಬ್ಬಿಣಾಂಶದ್ದು ಒಂದು, ಕ್ಯಾಲ್ಸಿಯಂ ಒಂದು.

ಬಂದ ನಾಲ್ಕನೇ ದಿನ ಒಂದು ಗೋಲಿಯಷ್ಟು ಗಟ್ಟಿಯಾಗಿ ಆಗಿದ್ದೇ ಕೊನೆ. ಆವತ್ತಿಂದ ರಾತ್ರಿ ಎರಡು ಚಮಚ ಇಸಬ್‌ಗೋಲ್ ಅರ್ಧ ಲೋಟ ನೀರಲ್ಲಿ ಕಲಸಿ ಕೊಡ್ತಿದೀವಿ. ನಿನ್ನೆಯಿಂದ ಪಂಚೆಯೆಲ್ಲಾ ಒದ್ದೆ. ಸ್ವಲ್ಪ ಸ್ವಲ್ಪವೇ, ನೀರಿನ ಥರ, ಐದಾರು ಸಲ ಆಯ್ತು. ಅವರಿಗೇ ಗೊತ್ತಾಗಲ್ಲ. "ಹೋಗ್ಬೇಕು ಅನ್ಸುತ್ತೆ ಕಣಮ್ಮ, ಕೂತ್ರೆ ಬರಲ್ಲ" ಅಂತಾರೆ.

ಭಾವ ಲೂಸ್ ಮೋಷನ್ ನಿಲ್ಲೋ ಮಾತ್ರೆ ತಂದಿಟ್ಟಿದಾರೆ. ಅದಕ್ಕೆ ಮುಂಚೆ ಮೆಡಿಕಲ್ ಶಾಪಿನವರು ಕೊಟ್ಟ ಮೂರು ಐಟಂ ಹಾಗೇ ಇದೆ: ಗುಲಾಬಿ ಬಣ್ಣದ ಸಿರಪ್ಪು, ಬಿಸಾಕೋಡಿಲ್ ಅನ್ನೋ ಸಣ್ಣ ಮಾತ್ರೆ, ನೀರಲ್ಲಿ ಕರಗಿಸೋ ಪುಡಿಯ ಪ್ಯಾಕೆಟ್ಟು. ಯಾವುದೂ ಕೊಟ್ಟಿಲ್ಲ. ಈಗ ಇಸಬ್‌ಗೋಲೂ ನಿಲ್ಲಿಸಿ ಭಾವ ತಂದಿರೋದನ್ನ ಕೊಡಬೋದಾ?

ನಿವೃತ್ತ ಮೇಷ್ಟ್ರು (ಗೌರಿಬಿದನೂರು)
ಅಮ್ಮಾ, ನಾನು ಹದಿನೈದು ವರ್ಷದಿಂದ ಇಸಬ್‌ಗೋಲ್ ತಗೊಳ್ತಿದೀನಿ, ಒಂದು ದಿನ ತಪ್ಪಿಲ್ಲ. ಅದು ಔಷಧಿಯೇ ಅಲ್ಲ, ಬೀಜದ ಹೊಟ್ಟು, ನಾರು. ನಿಮ್ಮಪ್ಪನಿಗೆ ಡೋಸ್ ಸಾಲದಿರಬಹುದು, ಮೂರು ಚಮಚ ಮಾಡಿ ನೋಡಿ. ಸೊಪ್ಪಿನ ಸಾರು, ಮುದ್ದೆ ಜಾಸ್ತಿ ಕೊಡಿ. ಆ ಬಿಸಾಕೋಡಿಲ್ ಮಾತ್ರ ಮುಟ್ಟಬೇಡಿ. ಒಂದು ಸಲ ಅಭ್ಯಾಸ ಆದರೆ ಕರುಳು ಸೋಮಾರಿ ಆಗುತ್ತೆ, ಆಮೇಲೆ ಮಾತ್ರೆ ಇಲ್ಲದೆ ಕೆಲಸವೇ ಮಾಡಲ್ಲ.

ವಾರ್ಡ್ ಅಕ್ಕ (ಕೋಲಾರ)
ಮೊದಲು ಲೂಸ್ ಮೋಷನ್ ಮಾತ್ರೆ ಎತ್ತಿ ಕಪಾಟಿಗಿಡಿ. ಮಿಕ್ಕಿದ್ದು ಆಮೇಲೆ.

ಇಪ್ಪತ್ತಾರು ವರ್ಷ ಸ್ಟಾಫ್ ನರ್ಸ್ ಆಗಿ ಮೂಳೆ ವಾರ್ಡಲ್ಲೇ ಜಾಸ್ತಿ ಇದ್ದವಳು ನಾನು. ನೀವು ಬರೆದಿರೋದು ಭೇದಿ ಅಲ್ಲ ಅನ್ಸುತ್ತೆ. ಕೆಳಗಡೆ ಗಟ್ಟಿ ಮಲ ಕಟ್ಟಿಕೊಂಡು ಕೂತಿದೆ, ಮೇಲಿಂದ ಬರೋ ನೀರಾದ್ದು ಅದರ ಪಕ್ಕದಲ್ಲಿ ಜಿನುಗ್ತಿದೆ. ಕಾಲುವೆಗೆ ಗುಂಡು ಅಡ್ಡ ಬಿದ್ದಾಗ ಸಂದಿಯಲ್ಲಿ ನೀರು ಸೋರಲ್ವಾ, ಹಾಗೆ. ನಿಜವಾದ ಭೇದಿ ಆದರೆ ಬಂದಾಗ ಒಂದಷ್ಟು ಬರುತ್ತೆ, ಹೊಟ್ಟೆ ಖಾಲಿ ಆದ ಹಾಗೆ ಅನ್ಸುತ್ತೆ. ಇಲ್ಲಿ ಏಳು ದಿನ ಏನೂ ಇರಲಿಲ್ಲ, ಆಮೇಲೆ ಗೊತ್ತಾಗದೆ ಸ್ವಲ್ಪ ಸ್ವಲ್ಪ ಸೋರ್ತಿದೆ, "ಕೂತ್ರೆ ಬರಲ್ಲ" ಅಂತಾರೆ. ಇದಕ್ಕೆ ನಿಲ್ಲೋ ಮಾತ್ರೆ ಕೊಟ್ಟರೆ ಕಟ್ಟಿಕೊಂಡಿದ್ದು ಇನ್ನೂ ಬಿಗಿಯಾಗುತ್ತೆ.

ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ನಿಮಗೆ ಇಸಬ್‌ಗೋಲ್ ಒಗ್ಗಿದೆ ಅಂದ್ರೆ ನಿಮ್ಮ ಕರುಳು ಓಡಾಡ್ತಿದೆ, ನೀವೂ ಓಡಾಡ್ತಿದೀರ. ಟ್ರಮಡಾಲ್ ಅಫೀಮಿನ ಜಾತಿಗೆ ಸೇರಿದ ಮಾತ್ರೆ. ಅದು ಕರುಳಿನ ಹಿಂಡುವಿಕೆಯನ್ನೇ ತಗ್ಗಿಸುತ್ತೆ. ಮಲ ಒಂದೇ ಕಡೆ ನಿಂತಷ್ಟೂ ದೊಡ್ಡ ಕರುಳು ಅದರ ನೀರು ಹೀರ್ತಾನೇ ಇರುತ್ತೆ, ಕಲ್ಲಾಗುತ್ತೆ. ಅಂಥ ಕಡೆ ಇಸಬ್‌ಗೋಲ್ ಹಾಕೋದು ಅಂದ್ರೆ ಕೆಟ್ಟು ನಿಂತ ಲಾರಿಗೆ ಇನ್ನೊಂದು ಲೋಡ್ ಹುಲ್ಲು ಹೇರಿದ ಹಾಗೆ. ಅದೂ ಅರ್ಧ ಲೋಟ ನೀರಲ್ಲಿ!

ಮಗಳೇ, ಇದನ್ನ ಹೇಳು. ವಾಂತಿ ಇದೆಯಾ? ಹೊಟ್ಟೆ ತಮಟೆ ಥರ ಉಬ್ಬಿದೆಯಾ? ಗಾಳಿ ಹೋಗ್ತಿದೆಯಾ? ಮೂತ್ರ ಸರಿಯಾಗಿ ಹೋಗ್ತಿದಾರಾ? ಡಿಸ್ಚಾರ್ಜ್ ಚೀಟಿಯಲ್ಲಿ ಕ್ರಿಯಾಟಿನಿನ್ ಎಷ್ಟಿತ್ತು? ವಾಂತಿ ಇದ್ದು ಗಾಳಿನೂ ಹೋಗ್ತಿಲ್ಲ ಅಂದ್ರೆ ಇದನ್ನ ಓದ್ತಾ ಕೂರಬೇಡ, ಈಗಲೇ ಆಸ್ಪತ್ರೆಗೆ ಹೊರಡು. ಅಂಥದ್ದರಲ್ಲಿ ಮೋಷನ್ ಮಾಡಿಸೋ ಯಾವ ಔಷಧಿನೂ ಬಾಯಿಗೆ ಹಾಕಬಾರದು.

ಸಿರಾ ಹುಡುಗ
ನನಗೂ ಇದೇ ಪ್ರಾಬ್ಲಂ. ಲ್ಯಾಕ್ಟುಲೋಸ್ ಸಿರಪ್ ಕುಡಿದ ಮೇಲೆ ಹೊಟ್ಟೆಯೊಳಗೆ ಗುಡುಗುಡು, ಆಫೀಸಲ್ಲಿ ಮಾನ ಹೋಯ್ತು. ಹಾಗಾದ್ರೆ ನನಗೂ ಒಳಗೆ ಕಟ್ಟಿಕೊಂಡಿದೆಯಾ?

ಹಿಪ್ಪುನೇರಳೆ (ಶಿಡ್ಲಘಟ್ಟ)
ಅಕ್ಕಾ, ವಾಂತಿ ಇಲ್ಲ. ಗಾಳಿ ಹೋಗ್ತಿದೆ. ಹೊಟ್ಟೆ ಸ್ವಲ್ಪ ಉಬ್ಬಿದೆ, ಎಡಗಡೆ ಕೆಳಗೆ ಮುಟ್ಟಿದರೆ ಗಟ್ಟಿಯಾಗಿ ಸಿಗುತ್ತೆ. ಮೂತ್ರಕ್ಕೆ ನಿನ್ನೆಯಿಂದ ಪದೇ ಪದೇ ಹೋಗ್ತಾರೆ, ತುಂಬಾ ಸ್ವಲ್ಪ. ಕ್ರಿಯಾಟಿನಿನ್ 1.8 ಅಂತ ಬರೆದಿದೆ. ಇದಕ್ಕೂ ಮೋಷನ್‌ಗೂ ಏನು ಸಂಬಂಧ?

ಔಷಧಿ ಅಂಗಡಿ (ಚಿಂತಾಮಣಿ)
ಸಂಬಂಧ ಇದೆ ಮೇಡಂ. ಬಿ.ಫಾರ್ಮ ಮಾಡಿ ಹನ್ನೆರಡು ವರ್ಷದಿಂದ ಕೌಂಟರಲ್ಲಿ ಇದೀನಿ. ನಿಮ್ಮ ಮನೇಲಿರೋ ಮೂರು ಐಟಂ ಮೂರು ಬೇರೆ ಬೇರೆ ಜಾತಿ. "ಮೋಷನ್ ಆಗ್ತಿಲ್ಲ" ಅಂದ ತಕ್ಷಣ ಕೈಗೆ ಸಿಕ್ಕಿದ್ದು ಕೊಡೋದು ನಮ್ಮ ಅಂಗಡಿಗಳ ಕೆಟ್ಟ ಚಾಳಿ. ಯಾರು ಕುಡೀತಾರೆ, ವಯಸ್ಸೆಷ್ಟು, ಕಿಡ್ನಿ ಹೇಗಿದೆ, ಯಾರೂ ಕೇಳಲ್ಲ.

ಮೊದಲು ಗುಲಾಬಿ ಸಿರಪ್ಪು. ಬಾಟಲಿ ಮೇಲೆ ಓದಿ. ಲಿಕ್ವಿಡ್ ಪ್ಯಾರಾಫಿನ್ ಮತ್ತು ಮಿಲ್ಕ್ ಆಫ್ ಮೆಗ್ನೀಷಿಯಾ ಅಂತ ಇದ್ದರೆ ನಿಮ್ಮ ತಂದೆಗೆ ಬೇಡ, ಎರಡು ಕಾರಣಕ್ಕೆ. ಮೆಗ್ನೀಷಿಯಾ ನೀರು ಎಳೆಯೋ ಜಾತಿ, ಕೆಲವೇ ಗಂಟೆಯಲ್ಲಿ ಕೆಲಸ ಮಾಡುತ್ತೆ, ಆದರೆ ಅದರಲ್ಲಿ ಒಂದು ಭಾಗ ರಕ್ತಕ್ಕೆ ಹೋಗುತ್ತೆ. ಕಿಡ್ನಿ ಚೆನ್ನಾಗಿದ್ದರೆ ಹೊರಗೆ ಹಾಕುತ್ತೆ. ಕ್ರಿಯಾಟಿನಿನ್ 1.8 ಅಂದ್ರೆ ಕಿಡ್ನಿ ಸರಿಯಾಗಿ ಸೋಸ್ತಿಲ್ಲ ಅಂತ, ಅಂಥೋರಿಗೆ ಅದು ಮೈಯಲ್ಲೇ ಸೇರ್ತಾ ಹೋಗಿ ಮಂಪರು, ಬಿ.ಪಿ. ಇಳಿಯೋದು, ಎದೆಬಡಿತ ನಿಧಾನ ಆಗೋದು ಶುರುವಾಗಬಹುದು. ಎರಡನೇದು ಪ್ಯಾರಾಫಿನ್. ಅದು ಬರೀ ಜಾರಿಸೋ ಎಣ್ಣೆ. ಮಲಗಿರೋ ವಯಸ್ಸಾದವರಿಗೆ ಕುಡಿಸೋವಾಗ ಸ್ವಲ್ಪ ಶ್ವಾಸಕೋಶಕ್ಕೆ ಇಳಿದರೂ ಕೆಮ್ಮು ಕೂಡ ಬರಲ್ಲ, ಅಲ್ಲೇ ಕೂತು ನ್ಯುಮೋನಿಯಾ ಥರ ಮಾಡುತ್ತೆ.

ಪುಡಿ ಪ್ಯಾಕೆಟ್ ಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಅಂತ ಇರುತ್ತೆ, ನಾವು ಪಿಇಜಿ ಅಂತೀವಿ. ಅದೂ ನೀರಿನ ಜಾತಿಯೇ, ಆದರೆ ಮೆಗ್ನೀಷಿಯಾ ಥರ ಮೈಯಿಂದ ಎಳೆಯಲ್ಲ. ನೀವು ಜೊತೆಗೆ ಕೊಟ್ಟ ನೀರನ್ನೇ ಕೊನೇ ತನಕ ಹಿಡ್ಕೊಂಡು ಹೋಗುತ್ತೆ, ಹೀರೋಕೆ ಬಿಡಲ್ಲ. ಅದಕ್ಕೇ 17 ಗ್ರಾಂಗೆ ಒಂದು ದೊಡ್ಡ ಲೋಟ, ಹತ್ತಿರ ಹತ್ತಿರ 240 ಮಿ.ಲೀ. ನೀರು ಬೇಕೇ ಬೇಕು. ರಕ್ತಕ್ಕೆ ಹೋಗೋದು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಒಂದರಿಂದ ಮೂರು ದಿನ ಹಿಡಿಯುತ್ತೆ. ಅದೇ ಪುಡಿ ದೊಡ್ಡ ಪ್ಯಾಕೆಟ್ಟಲ್ಲೂ ಬರುತ್ತೆ, ಕೊಲೊನೋಸ್ಕೋಪಿಗೆ ಮುಂಚೆ ಲೀಟರ್‌ಗಟ್ಟಲೆ ಕುಡಿಸೋದು. ನಿಮ್ಮದು ಯಾವುದು ಅಂತ ನೋಡ್ಕೊಳ್ಳಿ.

ಬಿಸಾಕೋಡಿಲ್ ಕರುಳಿನ ಗೋಡೆಯ ನರಕ್ಕೆ ಕುಕ್ಕಿ ಎಬ್ಬಿಸೋ ಜಾತಿ. ಟ್ರಮಡಾಲ್ ಮಲಗಿಸಿದ್ದನ್ನ ಇದು ಎಬ್ಬಿಸುತ್ತೆ. ಹಾಗಾಗಿ ಇವರ ಕೇಸಲ್ಲಿ ಪುಡಿ ಮತ್ತು ಈ ಮಾತ್ರೆ ಎರಡೂ ಉಪಯೋಗಕ್ಕೆ ಬರುತ್ತೆ. ಆದರೆ ಇವತ್ತಲ್ಲ. ಬಾಗಿಲಲ್ಲಿ ಕಲ್ಲಿರೋವಾಗ ಹಿಂದಿಂದ ದೂಕಿದರೆ ನೋವಷ್ಟೇ. ಮೊದಲು ಬಾಗಿಲು ಖಾಲಿ ಆಗಬೇಕು.

ವಾರ್ಡ್ ಅಕ್ಕ (ಕೋಲಾರ)
ಅದೇ. ನಾಳೆ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗಮ್ಮ. ಗುದದಲ್ಲಿ ಬೆರಳು ಹಾಕಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ. ಮೂತ್ರ ಸ್ವಲ್ಪ ಸ್ವಲ್ಪ ಅಂದೆಯಲ್ಲ, ತುಂಬಿಕೊಂಡ ಗುದ ಮೂತ್ರದ ದಾರೀನ ಒತ್ತಿದರೆ ಹಾಗಾಗುತ್ತೆ, ಅದನ್ನೂ ಹೇಳು. ರಾತ್ರಿ ಮೂತ್ರ ಪೂರ್ತಿ ಕಟ್ಟಿದರೆ ಬೆಳಗಾಗೋ ತನಕ ಕಾಯಬೇಡ. ಕ್ರಿಯಾಟಿನಿನ್ 1.8 ಅಂತ ಕೇಳದೆ ಇದ್ದರೂ ಹೇಳು. ಅಂಗಡಿಯಲ್ಲಿ ಸಿಗೋ ರೆಡಿ ಎನಿಮಾದಲ್ಲಿ ಫಾಸ್ಫೇಟ್ ಇರುತ್ತೆ, ಕಿಡ್ನಿ ವೀಕ್ ಇರೋ ವಯಸ್ಸಾದವರಿಗೆ ಅದು ಅಪಾಯ. ಮನೇಲೇ ಹಾಕೋಕೆ ಹೋಗಬೇಡ.

ಸಿರಾ ಹುಡುಗಾ, ನಿನ್ನದು ಬೇರೆ ಕಥೆ. ಲ್ಯಾಕ್ಟುಲೋಸ್ ನಮಗೆ ಜೀರ್ಣ ಆಗದ ಸಕ್ಕರೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ತಿಂದು ಹುಳಿ ಬರಿಸುತ್ತೆ, ನೀರು ಬರುತ್ತೆ, ಗ್ಯಾಸೂ ಬರುತ್ತೆ. ನಿನ್ನ ಹೊಟ್ಟೇಲಿ ದೋಸೆ ಹಿಟ್ಟು ಉಕ್ಕಿದ ಹಾಗೆ ಅಂದ್ಕೋ. ಡೋಸ್ ಕಮ್ಮಿ ಮಾಡಿ ನಿಧಾನಕ್ಕೆ ಏರಿಸು, ಇಲ್ಲಾ ಪಿಇಜಿಗೆ ಬದಲಾಯಿಸು, ಅದರಲ್ಲಿ ಗ್ಯಾಸ್ ಕಡಿಮೆ.

ಮುಳಬಾಗಿಲು
ನಮ್ಮ ಚಿಕ್ಕಪ್ಪನಿಗೆ ಲಿವರ್ ಪ್ರಾಬ್ಲಂ. ಅವರಿಗೆ ಮೋಷನ್ ಚೆನ್ನಾಗೇ ಆಗ್ತಿತ್ತು, ಆದರೂ ಡಾಕ್ಟ್ರು ಲ್ಯಾಕ್ಟುಲೋಸ್ ಬರೆದಿದ್ರು. ಸುಮ್ಮನೆ ದುಡ್ಡು ಅಂತ ನಾವು ನಿಲ್ಲಿಸಿದ್ವಿ.

ಔಷಧಿ ಅಂಗಡಿ (ಚಿಂತಾಮಣಿ)
ಅಯ್ಯೋ ಅಣ್ಣ, ಅದು ಮಲಬದ್ಧತೆಗೆ ಕೊಟ್ಟಿದ್ದಲ್ಲ. ಲಿವರ್ ಕೆಟ್ಟಾಗ ಕರುಳಲ್ಲಿ ಹುಟ್ಟೋ ಅಮೋನಿಯಾ ತಲೆಗೆ ಏರಿ ಮಂಕು ಹಿಡಿಯುತ್ತೆ. ಲ್ಯಾಕ್ಟುಲೋಸಿಂದ ಬರೋ ಹುಳಿಯು ಅಮೋನಿಯಾನ ಕರುಳಲ್ಲೇ ಹಿಡಿದು ಹೊರಗೆ ಹಾಕಿಸುತ್ತೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಆಗೋ ಹಾಗೆ ಡೋಸ್ ಇಡ್ತಾರೆ. ಅದರ ಜಾಗಕ್ಕೆ ಇಸಬ್‌ಗೋಲ್ ಬರಲ್ಲ. ಇವತ್ತೇ ಡಾಕ್ಟ್ರಿಗೆ ಫೋನ್ ಮಾಡಿ.

ನಿವೃತ್ತ ಮೇಷ್ಟ್ರು (ಗೌರಿಬಿದನೂರು)
ಅರ್ಧ ಲೋಟ ನೀರು ಅಂತ ವಾರ್ಡ್ ಅಕ್ಕ ಗದರಿದ್ದು ಮನಸ್ಸಲ್ಲೇ ಉಳೀತು. ಈಗ ತಾನೇ ಅಡುಗೆ ಮನೇಲಿ ನೋಡಿದೆ. ಎರಡು ಚಮಚ, ಅರ್ಧ ಲೋಟ ನೀರು, ಹತ್ತು ನಿಮಿಷ ಬಿಟ್ಟೆ. ಲೋಟ ಬೋರಲು ಹಾಕಿದರೂ ಬೀಳಲಿಲ್ಲ, ಗಂಜಿ ಥರ ಅಂಟಿಕೊಂಡು ಕೂತಿದೆ. ನಮ್ಮನೆಯವಳು ಬಂದು "ಇದೇನ್ರೀ ಹೊಸ ತಿಂಡಿ" ಅಂದಳು. ನಾನು ಕಲಸಿದ ತಕ್ಷಣ ಕುಡಿದು ಮೇಲೆ ಇನ್ನೊಂದು ಚೊಂಬು ನೀರು ಕುಡೀತಿದ್ದೆ, ಅದಕ್ಕೇ ನಡೀತಿತ್ತೇನೋ. ಮೂರು ಚಮಚ ಮಾಡಿ ಅಂದಿದ್ದು ತಪ್ಪಾಯ್ತಮ್ಮ.

ಆದರೆ ಸೋಮಾರಿ ಕರುಳಿನ ಮಾತು ಬಿಡಲ್ಲ.

ವಾರ್ಡ್ ಅಕ್ಕ (ಕೋಲಾರ)
ಮಲಗೋ ಹೊತ್ತಿಗೆ ಕೊಡಬಾರದು ಅನ್ನೋದೂ ಅದಕ್ಕೇ ಮೇಷ್ಟ್ರೇ. ನುಂಗೋಕೆ ಕಷ್ಟ ಇರೋರಿಗೆ ಆ ಗಂಜಿ ಅನ್ನನಾಳದಲ್ಲೇ ಕಟ್ಟಿಕೊಳ್ಳುತ್ತೆ.

ಹಿಪ್ಪುನೇರಳೆ (ಶಿಡ್ಲಘಟ್ಟ)
ಹೋಗಿ ಬಂದ್ವಿ. ಅಕ್ಕ ಹೇಳಿದ್ದೇ. ಡಾಕ್ಟ್ರು ಬೆರಳಲ್ಲಿ ನೋಡಿ "ಪೂರ್ತಿ ಪ್ಯಾಕ್ ಆಗಿದೆ" ಅಂದ್ರು. ಮರಗಟ್ಟಿಸೋ ಜೆಲ್ಲಿ ಹಚ್ಚಿ ಸ್ವಲ್ಪ ಸ್ವಲ್ಪವೇ ಒಡೆದು ತೆಗೆದರು, ಆಮೇಲೆ ಗ್ಲಿಸರಿನ್ ಮಾತ್ರೆ ಇಟ್ಟು, ಸಲೈನ್ ಎನಿಮಾ ಕೊಟ್ಟರು. ಅಪ್ಪನಿಗೆ ನಾಚಿಕೆ, ಕಣ್ಣಲ್ಲಿ ನೀರು. ಆದರೆ ಆಚೆ ಬಂದ ಮೇಲೆ ಮೂತ್ರವೂ ಸಲೀಸಾಗಿ ಹೋಯ್ತು, ಮಧ್ಯಾಹ್ನ ಮುದ್ದೆ ಕೇಳಿ ಊಟ ಮಾಡಿದ್ರು.

ಬರೆದುಕೊಟ್ಟಿರೋದು: ಪಿಇಜಿ ಪುಡಿ 17 ಗ್ರಾಂ ಬೆಳಿಗ್ಗೆ ಒಂದು ರಾತ್ರಿ ಒಂದು, ಬಿಸಾಕೋಡಿಲ್ 5 ಮಿ.ಗ್ರಾಂ ರಾತ್ರಿ ಎರಡು. ಇಸಬ್‌ಗೋಲ್ ಸದ್ಯಕ್ಕೆ ಬೇಡ. ಆಪರೇಷನ್ ಮಾಡಿದ ಡಾಕ್ಟ್ರನ್ನ ಕೇಳಿ ಟ್ರಮಡಾಲ್ ಕಡಿಮೆ ಮಾಡೋಕೆ ಆಗುತ್ತಾ ನೋಡಿ ಅಂದಿದಾರೆ.

ಪಾವಗಡದವಳು
ಇಷ್ಟಕ್ಕೆಲ್ಲಾ ಇಂಗ್ಲಿಷ್ ಔಷಧಿ ಯಾಕೆ? ನಮ್ಮಜ್ಜಿ ತಿಂಗಳಿಗೊಂದು ಭಾನುವಾರ ಹರಳೆಣ್ಣೆ ಕುಡಿಸೋಳು, ಮೇಲೆ ಬಿಸಿ ಕಾಫಿ. ಸಂಜೆ ಹೊತ್ತಿಗೆ ಹೊಟ್ಟೆ ಹಗುರ. ಅದಿಲ್ಲ ಅಂದ್ರೆ ನೆಲಾವರಿಕೆ ಸೊಪ್ಪಿನ ಕಷಾಯ. ಅದು ಪ್ರಕೃತಿದತ್ತ, ಯಾವ ಅಡ್ಡ ಪರಿಣಾಮನೂ ಇಲ್ಲ.

ಔಷಧಿ ಅಂಗಡಿ (ಚಿಂತಾಮಣಿ)
ಅಕ್ಕಾ, ನೆಲಾವರಿಕೆ ಅಂದ್ರೆ ಸೆನ್ನಾ, ಸೋನಾಮುಖಿ. ನಮ್ಮ ಅಂಗಡೀಲಿ ಅದೇ ಮಾತ್ರೆ ರೂಪದಲ್ಲಿದೆ. ಅದೂ ಬಿಸಾಕೋಡಿಲ್ ಥರ ಕುಕ್ಕಿ ಎಬ್ಬಿಸೋದೇ. ಹರಳೆಣ್ಣೆನೂ ಅದೇ ಗುಂಪು, ಆದರೆ ಸಣ್ಣ ಕರುಳಿಂದಲೇ ಶುರು ಹಚ್ಚುತ್ತೆ, ಅದಕ್ಕೇ ಅಷ್ಟು ನುಲಿತ. ಸೊಪ್ಪಿನ ಕಷಾಯದ ತೊಂದರೆ ಏನಂದ್ರೆ ಒಂದು ಹಿಡಿಯಲ್ಲಿ ಎಷ್ಟು ಸತ್ವ ಇದೆ ಅಂತ ಯಾರಿಗೂ ಗೊತ್ತಾಗಲ್ಲ. ಮಾತ್ರೆಯಲ್ಲಿ ಅಳತೆ ಇದೆ. ಬಸುರಿಯರಿಗಂತೂ ಹರಳೆಣ್ಣೆ ಕೊಡಲೇಬೇಡಿ.

ಹಿಪ್ಪುನೇರಳೆ (ಶಿಡ್ಲಘಟ್ಟ)
ಒಂದು ಎಡವಟ್ಟಾಯ್ತು. ಮೊದಲನೇ ರಾತ್ರಿ ಅಮ್ಮ ಬಿಸಾಕೋಡಿಲ್‌ನ ಹಾಲಿನ ಜೊತೆ ಕೊಟ್ಟುಬಿಟ್ಟಿದಾರೆ. ಅಪ್ಪನಿಗೆ ನಡುರಾತ್ರಿ ಹೊಟ್ಟೆ ಹಿಂಡಿ, ವಾಕರಿಕೆ ಬಂದು ನಿದ್ದೆಯೇ ಇಲ್ಲ. ಡೋಸ್ ಜಾಸ್ತಿ ಆಯ್ತಾ?

ಔಷಧಿ ಅಂಗಡಿ (ಚಿಂತಾಮಣಿ)
ಡೋಸ್ ಅಲ್ಲ, ಹಾಲು. ಆ ಮಾತ್ರೆ ಮೇಲೆ ಒಂದು ಲೇಪ ಇದೆ, ಹೊಟ್ಟೆಯ ಹುಳಿಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗಲಿ ಅಂತ. ಹಾಲು, ಹೊಟ್ಟೆ ಉರಿಗೆ ಕುಡಿಯೋ ಆಂಟಾಸಿಡ್ ಎರಡೂ ಹುಳಿ ಕಡಿಮೆ ಮಾಡುತ್ತೆ, ಲೇಪ ಹೊಟ್ಟೇಲೇ ಬಿಟ್ಟುಕೊಳ್ಳುತ್ತೆ. ಅದಕ್ಕೇ ವಾಕರಿಕೆ. ನೀರಲ್ಲಿ ಇಡಿಯಾಗಿ ನುಂಗಿಸಿ, ಪುಡಿ ಮಾಡಬೇಡಿ, ಹಾಲಿಗೂ ಮಾತ್ರೆಗೂ ಒಂದು ಗಂಟೆ ಅಂತರ ಇರಲಿ. ಆರರಿಂದ ಹನ್ನೆರಡು ಗಂಟೆ ಹಿಡಿಯುತ್ತೆ, ರಾತ್ರಿ ಒಂಬತ್ತಕ್ಕೆ ಕೊಟ್ಟರೆ ಬೆಳಿಗ್ಗೆ ತಿಂಡಿ ಹೊತ್ತಿಗೆ ಸರಿಹೋಗುತ್ತೆ.

ಮುಳಬಾಗಿಲು
ಕಮೋಡ್ ಮುಂದೆ ಒಂದು ಮಣೆ ಇಟ್ಟು ಕಾಲು ಎತ್ತಿ ಕೂರಿಸಿ. ಕುಕ್ಕರಗಾಲಲ್ಲಿ ಕೂತ ಹಾಗೆ ಆಗುತ್ತೆ, ಸಲೀಸು.

ವಾರ್ಡ್ ಅಕ್ಕ (ಕೋಲಾರ)
ಬೇರೆಯವರಿಗೆ ಒಳ್ಳೇದು, ಇವರಿಗೆ ಬೇಡ! ಕೀಲಿನ ಗುಂಡು ಬದಲಾಯಿಸಿದವರು ತೊಡೆ ಅಷ್ಟು ಮಡಚಿದರೆ ಕೀಲು ತಪ್ಪಿಹೋಗಬಹುದು. ಎತ್ತರದ ಕಮೋಡ್ ಚೇರೇ ಇರಲಿ. ತಿಂಡಿ ತಿಂದು ಇಪ್ಪತ್ತು ನಿಮಿಷಕ್ಕೆ ಕೂರಿಸಿ. ಹೊಟ್ಟೆಗೆ ಊಟ ಬಿದ್ದಾಗ ಕರುಳು ತಾನಾಗೇ ಒಂದು ಸಲ ಅಲುಗುತ್ತೆ, ಆ ಹೊತ್ತನ್ನ ಬಿಡಬೇಡಿ.

ಸಿರಾ ಹುಡುಗ
ಮೆತ್ತಗೆ ಮಾಡೋ ಮಾತ್ರೆ ಅಂತ ಡಾಕ್ಯುಸೇಟ್ ಅನ್ನೋದೂ ಇದೆಯಲ್ಲ? ಅದೇ ಎಲ್ಲಕ್ಕಿಂತ ಸೇಫ್ ಅಂತ ಫ್ರೆಂಡ್ ಹೇಳ್ದ.

ಔಷಧಿ ಅಂಗಡಿ (ಚಿಂತಾಮಣಿ)
ಸೇಫ್ ಹೌದು, ಯಾಕಂದ್ರೆ ಅದು ಮಾಡೋದೇ ಕಡಿಮೆ. ಸೋಪಿನ ಥರ ಮಲದೊಳಗೆ ನೀರು ಇಳಿಯೋಕೆ ದಾರಿ ಮಾಡಬೇಕು ಅಂತ ಲೆಕ್ಕ. ಸೆನ್ನಾ ಜೊತೆ ಡಾಕ್ಯುಸೇಟ್ ಸೇರಿಸಿದವರಿಗೂ ಬರೀ ಸೆನ್ನಾ ತಗೊಂಡವರಿಗೂ ಹೋಲಿಸಿ ನೋಡಿದಾಗ ಹೆಚ್ಚಿನ ಲಾಭ ಕಾಣಲಿಲ್ಲ. ನಾನು ಯಾರಿಗೂ ನಾನಾಗಿ ಕೊಡಲ್ಲ.

ವಾರ್ಡ್ ಅಕ್ಕ (ಕೋಲಾರ)
ನಾನು ಒಪ್ಪಲ್ಲ ತಮ್ಮಾ. ಮೂಲವ್ಯಾಧಿ ಆಪರೇಷನ್ ಆದವರು, ಹಾರ್ಟ್ ಅಟ್ಯಾಕ್ ಆದವರು, ಇವರು ತಿಣುಕಬಾರದು ಅಷ್ಟೇ. ಕರುಳು ಚೆನ್ನಾಗಿ ಓಡ್ತಿದೆ, ಗಟ್ಟಿ ಆಗದಿದ್ದರೆ ಸಾಕು ಅನ್ನೋರಿಗೆ ಅದು ಕೆಲಸ ಮಾಡಿದ್ದನ್ನ ನೋಡಿದೀನಿ.

ಔಷಧಿ ಅಂಗಡಿ (ಚಿಂತಾಮಣಿ)
ಅವರು ಜೊತೆಗೆ ನೀರು, ಹಣ್ಣು, ಪಿಇಜಿ ಏನೂ ತಗೊಂಡಿರಲಿಲ್ವಾ ಅಕ್ಕ? ಯಾವುದು ಕೆಲಸ ಮಾಡ್ತು ಅಂತ ಹೇಗೆ ಹೇಳೋದು.

ನಿವೃತ್ತ ಮೇಷ್ಟ್ರು (ಗೌರಿಬಿದನೂರು)
ಸೋಮಾರಿ ಕರುಳಿನ ಪ್ರಶ್ನೆಗೆ ಇಬ್ಬರೂ ಉತ್ತರ ಕೊಟ್ಟಿಲ್ಲ. ನಮ್ಮ ಷಡ್ಡಕನಿಗೆ ಕೊಲೊನೋಸ್ಕೋಪಿ ಮಾಡಿದಾಗ ಕರುಳು ಕಪ್ಪಾಗಿದೆ, ಸೋನಾಮುಖಿ ಪುಡಿ ವರ್ಷಗಟ್ಟಲೆ ತಿಂದಿದ್ದಕ್ಕೆ ಅಂದರಂತೆ. ಇದಕ್ಕಿಂತ ಸಾಕ್ಷಿ ಬೇಕಾ?

ಔಷಧಿ ಅಂಗಡಿ (ಚಿಂತಾಮಣಿ)
ಆ ಕಪ್ಪು ನಿಜ ಸಾರ್, ಸೆನ್ನಾ ಜಾತಿಯಿಂದಲೇ ಬರೋದು. ಆದರೆ ಅದು ಬಣ್ಣ ಅಷ್ಟೇ, ನಿಲ್ಲಿಸಿದರೆ ತಿಂಗಳುಗಳಲ್ಲಿ ಮಾಸುತ್ತೆ. ಕರುಳಿನ ನರ ಸತ್ತಿದ್ದಕ್ಕೆ ಗುರುತಲ್ಲ. ಹೇಳಿದ ಡೋಸಲ್ಲಿ ಕರುಳು ಕೆಡುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಮಿತಿ ಮೀರಿ ತಗೊಂಡು ದಿನಾ ಭೇದಿ ಆಗ್ತಿದ್ದರೆ ಪೊಟ್ಯಾಸಿಯಂ ಇಳಿಯೋದು ಮಾತ್ರ ನಿಜವಾದ ಅಪಾಯ.

ನಿವೃತ್ತ ಮೇಷ್ಟ್ರು (ಗೌರಿಬಿದನೂರು)
ಪುರಾವೆ ಇಲ್ಲ ಅನ್ನೋದೂ, ಆಗಲ್ಲ ಅನ್ನೋದೂ ಒಂದೇ ಅಲ್ಲ. ಆ ಷಡ್ಡಕ ಇವತ್ತಿಗೂ ಪುಡಿ ಇಲ್ಲದೆ ಕಕ್ಕಸಿಗೆ ಹೋಗಲ್ಲ.

ಔಷಧಿ ಅಂಗಡಿ (ಚಿಂತಾಮಣಿ)
ಅವರಿಗೆ ಪುಡಿ ಶುರು ಮಾಡೋಕೆ ಮುಂಚೆಯೂ ಆಗ್ತಿರಲಿಲ್ಲವಲ್ಲ ಸಾರ್, ಅದಕ್ಕೇ ತಾನೇ ಶುರು ಮಾಡಿದ್ದು?

ಹಿಪ್ಪುನೇರಳೆ (ಶಿಡ್ಲಘಟ್ಟ)
ಐದನೇ ದಿನದ ಸುದ್ದಿ. ಎರಡನೇ ಬೆಳಿಗ್ಗೆ ಇಡ್ಲಿ ತಿಂದು ಕೂರಿಸಿದಾಗ ಮೊದಲ ಸಲ ತಾವಾಗೇ ಹೋದರು. ನಾಲ್ಕನೇ ದಿನ ಮೂರು ಸಲ ನೀರಾಗಿ ಆಯ್ತು. ಮತ್ತೆ ಕಟ್ಟಿಕೊಂಡಿತಾ ಅಂತ ಗಾಬರಿ ಆಗಿ ಡಾಕ್ಟ್ರಿಗೆ ಫೋನ್ ಮಾಡಿದೆ.

ಈ ಸಲ ಹೊಟ್ಟೆ ಮೆತ್ತಗಿದೆ, ಪ್ರತಿ ಸಲ ಚೆನ್ನಾಗಿ ಬರ್ತಿದೆ, ಅಪ್ಪನಿಗೆ ಗೊತ್ತಾಗ್ತಿದೆ ಅಂದಾಗ, "ಇದು ಔಷಧಿ ಜಾಸ್ತಿ ಆಗಿರೋದು, ಪುಡಿ ದಿನಕ್ಕೆ ಒಂದೇ ಮಾಡಿ, ಬಿಸಾಕೋಡಿಲ್ ಒಂದು ಮಾತ್ರೆ ಸಾಕು" ಅಂದ್ರು. ಬೆಂಗಳೂರಿನ ಡಾಕ್ಟ್ರು ಟ್ರಮಡಾಲ್ ಫಿಸಿಯೋಥೆರಪಿಗೆ ಮುಂಚೆ ಮಾತ್ರ ಒಂದು, ಮಿಕ್ಕ ಹೊತ್ತು ಬರೀ ಪ್ಯಾರಸಿಟಮಾಲ್ ಅಂದಿದಾರೆ. ಕಬ್ಬಿಣಾಂಶದ್ದು ದಿನ ಬಿಟ್ಟು ದಿನ.

ಅಕ್ಕಾ, ಟ್ರಮಡಾಲ್ ಪೂರ್ತಿ ನಿಂತ ದಿನವೇ ಇವೆರಡೂ ನಿಲ್ಲಿಸಬಹುದಾ?

ವಾರ್ಡ್ ಅಕ್ಕ (ಕೋಲಾರ)
ಅದೇ ದಿನ ಬೇಡಮ್ಮ. ಮೊದಲು ಬಿಸಾಕೋಡಿಲ್ ಬಿಟ್ಟು ನೋಡು, ಪುಡಿ ಇನ್ನೊಂದಷ್ಟು ದಿನ ಇರಲಿ. ವಾಕರ್ ಹಿಡಿದು ಅಂಗಳದ ತನಕ ಹೋಗಿ ಬರೋ ಹಾಗಾದ ಮೇಲೆ ಪುಡಿನೂ ಬಿಡಬಹುದು. ಇದನ್ನ ಅಲ್ಲಿನ ಡಾಕ್ಟ್ರಿಗೂ ಒಂದು ಮಾತು ಕೇಳು. ಗೋಡೆಯ ಕ್ಯಾಲೆಂಡರ್ ಮೇಲೆ ಆದ ದಿನಕ್ಕೊಂದು ಗೀಟು ಹಾಕ್ತಾ ಬಾ, ಎರಡು ದಿನ ಗೀಟು ಇಲ್ಲ ಅಂದ್ರೆ ಮೂರನೇ ದಿನಕ್ಕೆ ಕಾಯಬೇಡ.

ಹಿಪ್ಪುನೇರಳೆ (ಶಿಡ್ಲಘಟ್ಟ)
ಗೀಟು ಆಗಲೇ ಶುರು ಅಕ್ಕ. ಅಪ್ಪನೇ ಹಾಕ್ತಾರೆ, ಹಾಲು ಹಾಕೋನ ಲೆಕ್ಕದ ಪಕ್ಕದಲ್ಲಿ. ನಿನ್ನೆ ಹಾಲಿನವನು ನೋಡಿ "ಇದ್ಯಾವ್ ಲೀಟ್ರು ಯಜಮಾನ್ರೇ" ಅಂತ ಕೇಳಿದ.